ಲೈಬ್ರರಿ ಟೈಮ್, ಕ್ಯಾಂಟೀನ್ ತಟ್ಟೆ: ಕಾಲೇಜು ಚುನಾವಣೆಗೆ ಮೂರು ನಿಮಿಷದ ಭಾಷಣ ಸಿದ್ಧ ಮಾಡುವುದು ಹೇಗೆ

ವಿದ್ಯಾರ್ಥಿ ಸಂಘದ ಚುನಾವಣೆ ಬಂತು ಅಂದರೆ ಲೈಬ್ರರಿ ಮತ್ತು ಕ್ಯಾಂಟೀನ್ ಎರಡೂ ಭಾಷಣದಲ್ಲಿ ಬಂದೇ ಬರುತ್ತವೆ. "ನಾನು ಗೆದ್ದರೆ ಲೈಬ್ರರಿ ಸಂಜೆವರೆಗೂ ತೆಗೆದಿರುತ್ತೆ, ಕ್ಯಾಂಟೀನ್ ಕ್ಲೀನ್ ಆಗುತ್ತೆ" ಅಂತ ನಿಂತವರೆಲ್ಲ ಒಂದೇ ಮಾತು ಹೇಳಿದರೆ, ಕೆಳಗೆ ಕೂತವರು ಯಾರನ್ನ ನಂಬಬೇಕು? ಆಗ ವೋಟು ಸೆಕ್ಷನ್ ನೋಡಿ, ಊರು ನೋಡಿ, ಗೆಳೆತನ ನೋಡಿ ಬೀಳುತ್ತೆ.

ಲೈಬ್ರರಿ ಬಾಗಿಲು ನಾಲ್ಕೂವರೆಗೆ ಯಾಕೆ ಮುಚ್ಚುತ್ತೆ, ಕ್ಯಾಂಟೀನ್ ತಟ್ಟೆ ಯಾಕೆ ಜಿಡ್ಡಾಗಿರುತ್ತೆ ಅಂತ ಗೊತ್ತಿರುವವರ ಭಾಷಣ ಬೇರೆ ಥರ ಇರುತ್ತೆ. ಕಾರಣ ಗೊತ್ತಿದ್ದರೆ ಭರವಸೆ ತಾನಾಗಿ ಸಣ್ಣದಾಗುತ್ತೆ, ಗಟ್ಟಿಯಾಗುತ್ತೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಭಾಷಣ ಬರೆಯುವ ಮೊದಲಿನ ಕೆಲಸದ ಬಗ್ಗೆ ಇದೆ. ಬರೆಯುವುದು ಒಂದು ಸಂಜೆಯ ಕೆಲಸ. ತಿಳಿದುಕೊಳ್ಳೋದಕ್ಕೆ ಒಂದು ವಾರ ಬೇಕು.

ಉದಾಹರಣೆಗೆ ತುಮಕೂರಿನ ಒಂದು ಡಿಗ್ರಿ ಕಾಲೇಜು ಅಂದುಕೊಳ್ಳೋಣ. ಅರ್ಧದಷ್ಟು ಹುಡುಗ ಹುಡುಗಿಯರು ಗುಬ್ಬಿ, ಕೊರಟಗೆರೆ, ಮಧುಗಿರಿ, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಉಳಿದವರು ಊರಿನವರು ಮತ್ತು ಹಾಸ್ಟೆಲಿನವರು. ಚುನಾವಣೆಗೆ ನಿಂತಿರುವವಳು ಬಿ.ಕಾಂ. ಎರಡನೇ ವರ್ಷದ ಹುಡುಗಿ. ಮುಂದೆ ಬರುವ ಲೆಕ್ಕಗಳೆಲ್ಲ ಈ ಕಾಲೇಜಿನವು, ವಿಧಾನ ತೋರಿಸೋಕೆ ಇಟ್ಟುಕೊಂಡವು. ನಿಮ್ಮ ಕಾಲೇಜಿನ ಲೆಕ್ಕ ನೀವೇ ಮಾಡಬೇಕು.

## ಮೊದಲು ನಿಯಮದ ಹಾಳೆ ಓದಿ

ನಾಮಪತ್ರ ಕೊಡುವಾಗಲೇ ಕಾಲೇಜಿನ ಚುನಾವಣಾ ನಿಯಮ ಕೇಳಿ ಪಡೆಯಿರಿ. ಭಾಷಣಕ್ಕೆ ಎಷ್ಟು ನಿಮಿಷ, ಮೈಕ್ ಇದೆಯಾ, ಕೊನೆಗೆ ಪ್ರಶ್ನೆ ಕೇಳೋದಕ್ಕೆ ಅವಕಾಶ ಇದೆಯಾ, ಇಷ್ಟು ಗೊತ್ತಿರಬೇಕು. ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಚುನಾವಣೆಗೆ ಲಿಂಗ್ಡೋ ಸಮಿತಿ ಶಿಫಾರಸುಗಳಿವೆ. ಸುಪ್ರೀಂ ಕೋರ್ಟ್ 2006ರಲ್ಲಿ ಅವನ್ನ ಜಾರಿ ಮಾಡಿ ಅಂದಿತು. ಅದರ ಪ್ರಕಾರ ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ, ಪ್ರಿಂಟ್ ಮಾಡಿಸಿದ ಪೋಸ್ಟರ್ ಹಾಕುವ ಹಾಗಿಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಫಲಿತಾಂಶ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಫ್ಲೆಕ್ಸ್ ಇಲ್ಲ, ಪಾಂಪ್ಲೆಟ್ ಇಲ್ಲ ಅಂದಮೇಲೆ ಭಾಷಣವೇ ನಿಮ್ಮ ಮುಖ್ಯ ಪ್ರಚಾರ ಅಲ್ವಾ?

## ಲೈಬ್ರರಿ: ಯಾವ ಗಂಟೆ ಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

"ಜಾಸ್ತಿ ಹೊತ್ತು" ಅನ್ನುವುದು ಭರವಸೆ ಆಗುವುದಿಲ್ಲ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾರಿಗಾಗಿ ಅಂತ ಹೇಳಿದಾಗ ಮಾತ್ರ ಅದು ಭರವಸೆ. ಅದನ್ನ ಹೇಳಬೇಕು ಅಂದರೆ ಬಾಗಿಲ ಹತ್ತಿರ ಇರುವ ರಿಜಿಸ್ಟರ್ ನೋಡಬೇಕು. ಒಳಗೆ ಹೋಗುವಾಗ, ಹೊರಗೆ ಬರುವಾಗ ಎಲ್ಲರೂ ಸಹಿ ಮಾಡಿ ಟೈಮ್ ಬರೆಯುತ್ತಾರಲ್ಲ, ಅದೇ ಪುಸ್ತಕ. ಲೈಬ್ರೇರಿಯನ್ ಮೇಡಂ ಹತ್ತಿರ ಹೋಗಿ, ನಿಂತಿದ್ದೀನಿ, ಟೈಮ್ ಬಗ್ಗೆ ಮಾತಾಡಬೇಕು ಅಂತಿದ್ದೀನಿ, ಹೋದ ವಾರದ ಪುಟಗಳನ್ನ ಇಲ್ಲೇ ಕೂತು ನೋಡಬಹುದಾ ಅಂತ ಕೇಳಿ. ಹೆಸರು ಬರೆದುಕೊಳ್ಳಬೇಡಿ, ತಲೆ ಎಣಿಸಿದರೆ ಸಾಕು. ರಿಜಿಸ್ಟರ್ ತೋರಿಸಲ್ಲ ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ಮುಚ್ಚುವುದಕ್ಕೆ ಹತ್ತು ನಿಮಿಷ ಮೊದಲು ಬಾಗಿಲ ಹತ್ತಿರ ನಿಂತು ನೀವೇ ಎಣಿಸಿ.

ನಮ್ಮ ಉದಾಹರಣೆಯ ಕಾಲೇಜಿನಲ್ಲಿ ಲೈಬ್ರರಿ ಬೆಳಿಗ್ಗೆ 9:30ರಿಂದ ಸಂಜೆ 4:30. ಕ್ಲಾಸು ಕೂಡ 9:30ರಿಂದಲೇ ಶುರು, ಮುಗಿಯುವುದು 3:45ಕ್ಕೆ. ಅಂದರೆ ಕ್ಲಾಸು ಬಿಡದೆ ಲೈಬ್ರರಿಗೆ ಹೋಗುವವರಿಗೆ ಸಿಗುವುದು ಮುಕ್ಕಾಲು ಗಂಟೆ ಮಾತ್ರ. ಅದರಲ್ಲೂ ಬ್ಯಾಗ್ ಇಟ್ಟು, ಸಹಿ ಹಾಕಿ, ಪುಸ್ತಕ ಹುಡುಕುವ ಹೊತ್ತಿಗೆ ಅಟೆಂಡರ್ ಕಿಟಕಿ ಮುಚ್ಚೋಕೆ ಶುರು ಮಾಡಿರುತ್ತಾರೆ. ಐದು ದಿನ ಎಣಿಸಿದಾಗ 4:20ಕ್ಕೆ ಒಳಗಿದ್ದವರು ದಿನಕ್ಕೆ ಸುಮಾರು 40.

ಇಲ್ಲಿಗೇ ನಿಲ್ಲಿಸಿದರೆ "ಸಂಜೆ ಏಳರವರೆಗೆ ತೆಗೆಸ್ತೀನಿ" ಅಂತ ಬರೆದುಬಿಡುತ್ತೀರಿ. ಬಸ್ಸಿನವರ ಕಥೆ ಕೇಳಿ. ಮಧುಗಿರಿ ಕಡೆ ಹೋಗುವ ಹುಡುಗಿಗೆ ಐದು ಗಂಟೆ ಬಸ್ ತಪ್ಪಿದರೆ ಮನೆ ಸೇರುವಾಗ ಕತ್ತಲಾಗುತ್ತೆ. ಅವಳಿಗೆ ಏಳು ಗಂಟೆಯ ಲೈಬ್ರರಿಯಿಂದ ಏನೂ ಉಪಯೋಗ ಇಲ್ಲ. ಆದರೆ ಅದೇ ಹುಡುಗಿ ರಶ್ ಇಲ್ಲದ ಬೆಳಗಿನ ಬಸ್ ಹಿಡಿದು 8:15ಕ್ಕೇ ಕಾಲೇಜಿಗೆ ಬಂದು ಕಾರಿಡಾರ್ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಮ್ಮ ಅಭ್ಯರ್ಥಿ 8:30ಕ್ಕೆ ಮೆಟ್ಟಿಲ ಮೇಲೆ ಕೂತವರನ್ನ ಎಣಿಸಿದಾಗ ಅಲ್ಲಿ 25 ಜನ ಇದ್ದರು. ಹಾಸ್ಟೆಲಿನವರದ್ದು ಬೇರೆ ಲೆಕ್ಕ. ಅವರಿಗೆ ಸಂಜೆ ಬೇಕು, ಆದರೆ ಹಾಸ್ಟೆಲ್ ಗೇಟ್ ಮುಚ್ಚುವ ಹೊತ್ತು, ಊಟದ ಹೊತ್ತು ಇದೆಯಲ್ಲ, ಅದಕ್ಕಿಂತ ಮುಂಚೆ ಬಿಡಬೇಕು.

ಹೀಗೆ ನೋಡುತ್ತಾ ಹೋದರೆ ಕೇಳಬೇಕಾದ ಟೈಮ್ ತಾನಾಗಿ ಸಿಗುತ್ತೆ: ಬೆಳಿಗ್ಗೆ 8:30ರಿಂದ ಸಂಜೆ 6. ಬೆಳಿಗ್ಗೆ ಒಂದು ಗಂಟೆ ಬಸ್ಸಿನವರಿಗೆ, ಸಂಜೆ ಒಂದೂವರೆ ಗಂಟೆ ಹಾಸ್ಟೆಲ್ ಮತ್ತು ಊರಿನವರಿಗೆ.

ಇನ್ನು ಇದನ್ನ ಕೊಡೋಕೆ ಏನು ತೊಂದರೆ ಅಂತ ನೋಡಬೇಕು. ತುಂಬ ಭಾಷಣಗಳು ಸೋಲುವುದು ಇಲ್ಲಿಯೇ. ಲೈಬ್ರೇರಿಯನ್ ಒಬ್ಬರೇ ಟೈಮ್ ಬದಲಾಯಿಸೋಕೆ ಆಗುವುದಿಲ್ಲ. ಸಾಮಾನ್ಯವಾಗಿ ಕಾಲೇಜಿನಲ್ಲಿ ಗ್ರಂಥಾಲಯ ಸಮಿತಿ ಇರುತ್ತೆ, ಪ್ರಿನ್ಸಿಪಾಲರು ಅದರ ಅಧ್ಯಕ್ಷರಾಗಿರುತ್ತಾರೆ, ಖಾಸಗಿ ಕಾಲೇಜಾದರೆ ಅದರ ಮೇಲೆ ಆಡಳಿತ ಮಂಡಳಿ. ಅವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಹೊತ್ತಿನಲ್ಲಿ ಯಾರು ಕೂತಿರುತ್ತಾರೆ? ಸಿಬ್ಬಂದಿಗೂ ಮನೆ ಇದೆ, ಅವರ ಕೆಲಸದ ಹೊತ್ತಿಗೂ ನಿಯಮ ಇದೆ. ಅದರಲ್ಲೂ ಸರ್ಕಾರಿ ಕಾಲೇಜಿನಲ್ಲಿ ಹೆಚ್ಚುವರಿ ಆಳು ತರುವುದು ಕಾಲೇಜಿನ ಕೈಯಲ್ಲೇ ಇರುವುದಿಲ್ಲ.

ಇದಕ್ಕೆ ಒಂದು ದಾರಿ ಇದೆ. ಪುಸ್ತಕದ ಕಪಾಟು ಮತ್ತು ಓದುವ ಹಾಲ್ ಎರಡನ್ನೂ ಬೇರೆ ಬೇರೆ ನೋಡಿ. ಪುಸ್ತಕ ಕೊಡುವ ಕೌಂಟರ್ ನಡೆಸೋಕೆ ಕೆಲಸ ಗೊತ್ತಿರುವವರು ಬೇಕು, ಪುಸ್ತಕ ಕಳೆದರೆ ಅವರೇ ಜವಾಬ್ದಾರಿ. ಓದುವ ಹಾಲ್ ತೆಗೆದಿಡೋಕೆ ಒಬ್ಬ ಅಟೆಂಡರ್, ಲೈಟು, ಫ್ಯಾನು ಸಾಕು. ಹಾಗಾಗಿ "ಲೈಬ್ರರಿ ಪೂರ್ತಿ ಆರರವರೆಗೆ" ಅಂತ ಕೇಳುವ ಬದಲು "ಕೌಂಟರ್ ಎಂದಿನಂತೆ 4:30ಕ್ಕೆ ಮುಚ್ಚಲಿ, ರೀಡಿಂಗ್ ಹಾಲ್ ಮಾತ್ರ ಆರರವರೆಗೆ ತೆಗೆದಿರಲಿ" ಅಂತ ಕೇಳಿ. ಸಂಜೆಗೆ ಬೇಕಾದ ಪುಸ್ತಕವನ್ನ 4:30ರೊಳಗೆ ತೆಗೆದುಕೊಂಡರಾಯಿತು. ಇಬ್ಬರು ಅಟೆಂಡರ್ ಇದ್ದರೆ ಇಬ್ಬರೂ 9:30ಕ್ಕೇ ಬರುವ ಬದಲು ಒಬ್ಬರು 8:30ಕ್ಕೆ ಬಂದು ಬೇಗ ಹೋಗಬಹುದು, ಇನ್ನೊಬ್ಬರು ತಡವಾಗಿ ಬಂದು ಆರಕ್ಕೆ ಮುಚ್ಚಬಹುದು. ಹೊಸಬರು ಬೇಕಾಗುವುದಿಲ್ಲ. ಆದರೆ ಇದನ್ನ ಆ ಅಟೆಂಡರ್‌ಗಳ ಹತ್ತಿರವೇ ಮೊದಲು ಮಾತಾಡಿ. ಅವರಿಗೆ ಗೊತ್ತಿಲ್ಲದೆ ನೀವು ಸ್ಟೇಜ್ ಮೇಲೆ ಅವರ ಡ್ಯೂಟಿ ಬದಲಾಯಿಸಿದರೆ ಅದು ಸರಿ ಹೋಗುವುದಿಲ್ಲ, ಕೆಲಸವೂ ಆಗುವುದಿಲ್ಲ.

ಕೊನೆಗೆ ಪ್ರಾಯೋಗಿಕ ಅವಧಿ ಒಂದು ಸೇರಿಸಿ. ಸೆಮಿಸ್ಟರ್ ಪರೀಕ್ಷೆಗೆ ಮುಂಚಿನ ಒಂದು ತಿಂಗಳು ಮಾತ್ರ ಕೊಡಿ, ದಿನಾ 5 ಗಂಟೆಗೆ ಮತ್ತು 5:45ಕ್ಕೆ ತಲೆ ಎಣಿಸಿ ನಿಮಗೇ ಕೊಡುತ್ತೀವಿ, ಜನ ಬರದಿದ್ದರೆ ನಿಲ್ಲಿಸಿ ಅಂತ ಕೇಳಿದರೆ "ಇಲ್ಲ" ಅನ್ನುವುದು ಪ್ರಿನ್ಸಿಪಾಲರಿಗೂ ಕಷ್ಟ.

## ಕ್ಯಾಂಟೀನ್: ಬೈಯುವ ಮೊದಲು ತಟ್ಟೆ ಎಣಿಸಿ

ಕ್ಯಾಂಟೀನ್ ಗಲೀಜು ಅಂತ ಎಲ್ಲರೂ ಹೇಳುತ್ತಾರೆ. ಏನು ಗಲೀಜು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವು ಎರಡು ಮೂರು ದಿನ ಬ್ರೇಕ್ ಹೊತ್ತಿನಲ್ಲಿ ತಿನ್ನೋಕೆ ಹೋಗಬೇಡಿ, ನೋಡೋಕೆ ಹೋಗಿ. ತಟ್ಟೆ ತೊಳೆಯುವ ಜಾಗದ ಹತ್ತಿರ ನಿಲ್ಲಿ.

ಅಲ್ಲಿ ಕಾಣುವುದು ಸಾಮಾನ್ಯವಾಗಿ ಹೀಗೆ. ಎರಡು ಟಬ್. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಬ್ರೇಕ್ ಶುರುವಾದಾಗ ಎರಡನೇ ಟಬ್ಬಿನ ನೀರು ತಿಳಿಯಾಗಿರುತ್ತೆ. ಹತ್ತು ನಿಮಿಷ ಕಳೆಯುವ ಹೊತ್ತಿಗೆ ಅದರ ಮೇಲೆ ಎಣ್ಣೆ ತೇಲುತ್ತಿರುತ್ತೆ, ಒಂದೆರಡು ಕರಿಬೇವಿನ ಎಲೆ, ಚಿತ್ರಾನ್ನದ ಅಗುಳು. ತೊಳೆಯುವ ಅಕ್ಕ ತಟ್ಟೆಯನ್ನ ಅದರಲ್ಲಿ ಒಮ್ಮೆ ಅದ್ದಿ ತೆಗೆದು, ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ, ಕೌಂಟರಿಗೆ ತಳ್ಳುತ್ತಾರೆ. ಬೆರಳಿಟ್ಟರೆ ಜಾರುವ ಜಿಡ್ಡು ಬರುವುದು ಇಲ್ಲಿಂದ. ನೀರೂ ಎಣ್ಣೆಯಾಗಿದೆ, ಬಟ್ಟೆಯೂ ಎಣ್ಣೆಯಾಗಿದೆ.

ಆ ಅಕ್ಕನನ್ನ ಬೈಯೋಕೆ ಹೋಗಬೇಡಿ, ಲೆಕ್ಕ ಹಾಕಿ. ನಮ್ಮ ಕಾಲೇಜಿನಲ್ಲಿ ಬ್ರೇಕ್ 20 ನಿಮಿಷ. ಅಷ್ಟರಲ್ಲಿ ತಟ್ಟೆ ತೆಗೆದುಕೊಳ್ಳುವವರು ಸುಮಾರು 180 ಜನ. ಕ್ಯಾಂಟೀನಿನಲ್ಲಿ ಇರುವ ತಟ್ಟೆ 70. ಅಂದರೆ ಒಂದೊಂದು ತಟ್ಟೆಯೂ 20 ನಿಮಿಷದಲ್ಲಿ ಎರಡೂವರೆ ಸಲ ಓಡಾಡಬೇಕು. ಒಂದು ಸಲಕ್ಕೆ ಸಿಗುವುದು ಎಂಟು ನಿಮಿಷಕ್ಕಿಂತ ಕಡಿಮೆ. ಅದರಲ್ಲಿ ಒಂದು ತಟ್ಟೆ ಇಡ್ಲಿ ತಿನ್ನೋಕೆ ಐದಾರು ನಿಮಿಷ ಹೋಯಿತು. ತೊಳೆಯೋಕೆ, ಒಣಗೋಕೆ ಎಲ್ಲ ಸೇರಿ ಒಂದು ಎರಡು ನಿಮಿಷ. ಇಷ್ಟು ಹೊತ್ತಿನಲ್ಲಿ ಯಾರು ತೊಳೆದರೂ ತಟ್ಟೆ ಜಿಡ್ಡಾಗಿಯೇ ಇರುತ್ತೆ.

ಈಗ ಪರಿಹಾರ ನೋಡಿ. ಇನ್ನೂ 120 ತಟ್ಟೆ ಇದ್ದರೆ ಬ್ರೇಕ್ ಹೊತ್ತಿನಲ್ಲಿ ತೊಳೆಯುವುದೇ ಬೇಡ. ತಿಂದವರು ಎಂಜಲು ಬಕೆಟ್ಟಿಗೆ ಹಾಕಿ ತಟ್ಟೆ ಇಟ್ಟು ಹೋಗುತ್ತಾರೆ, ಬ್ರೇಕ್ ಮುಗಿದ ಮೇಲೆ ನಿಧಾನವಾಗಿ ಸೋಪ್ ಹಾಕಿ ಉಜ್ಜಿ, ಹರಿಯುವ ನಲ್ಲಿ ನೀರಿನಲ್ಲಿ ತೊಳೆದು, ಸ್ಟ್ಯಾಂಡಿನಲ್ಲಿ ಬೋರಲು ಹಾಕಿದರೆ ಊಟದ ಹೊತ್ತಿಗೆ ಒಣಗಿರುತ್ತವೆ. ಒರೆಸುವ ಬಟ್ಟೆಯ ಕೆಲಸವೇ ಇಲ್ಲ. ತಟ್ಟೆ ಕೊಳ್ಳೋಕೆ ದುಡ್ಡು ಇಲ್ಲ ಅಂದರೆ ಎರಡನೇ ದಾರಿ, ಬಿ.ಎ.ಗೆ ಮತ್ತು ಬಿ.ಕಾಂ.ಗೆ ಬ್ರೇಕ್ ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡುವುದು. ಆಗ ಒಮ್ಮೆಗೆ ಬರುವವರು ಅರ್ಧ ಆಗುತ್ತಾರೆ. ಇದಕ್ಕೆ ಟೈಮ್ ಟೇಬಲ್ ಬದಲಾಗಬೇಕು, ಅದು ವರ್ಷದ ಮಧ್ಯೆ ಕಷ್ಟ. ನನ್ನ ಪ್ರಕಾರ ತಟ್ಟೆಯೇ ಸುಲಭ. ತುಮಕೂರಿನ ಮಂಡಿಪೇಟೆಯ ಪಾತ್ರೆ ಅಂಗಡಿಗೆ ಹೋಗಿ 120 ಸ್ಟೀಲ್ ತಟ್ಟೆಗೆ, ಒಂದು ಸ್ಟ್ಯಾಂಡಿಗೆ ಎಷ್ಟಾಗುತ್ತೆ ಅಂತ ಕೇಳಿ ಕೊಟೇಶನ್ ಬರೆಸಿಕೊಂಡು ಬನ್ನಿ. ಆ ಚೀಟಿ ನಿಮ್ಮ ಭಾಷಣಕ್ಕೆ ಹತ್ತು ಘೋಷಣೆಗಿಂತ ಹೆಚ್ಚು ಬಲ ಕೊಡುತ್ತೆ.

ತೊಳೆಯುವ ಜಾಗದಲ್ಲಿ ನಲ್ಲಿ ಇದೆಯಾ, ಬ್ರೇಕ್ ಹೊತ್ತಿನಲ್ಲಿ ನೀರು ಬರುತ್ತಾ ಅಂತಲೂ ನೋಡಿ. ನಲ್ಲಿ ಇಲ್ಲದಿದ್ದರೆ ಟಬ್ ಬಿಟ್ಟು ಬೇರೆ ದಾರಿ ಇಲ್ಲ. ನಲ್ಲಿ ಹಾಕಿಸುವುದು, ಚರಂಡಿ ಸರಿ ಮಾಡಿಸುವುದು ಸಾಮಾನ್ಯವಾಗಿ ಕಾಲೇಜಿನ ಕೆಲಸ. ಅಡುಗೆ, ತಟ್ಟೆ, ತೊಳೆಯುವವರ ಸಂಬಳ ಕ್ಯಾಂಟೀನ್ ನಡೆಸುವವರ ಕೆಲಸ. ಯಾವುದು ಯಾರದ್ದು ಅಂತ ಗುತ್ತಿಗೆ ಪತ್ರದಲ್ಲಿ ಬರೆದಿರುತ್ತೆ. ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಸರ್ ಹತ್ತಿರ ಕೇಳಿದರೆ ತಿಳಿಯುತ್ತೆ, ಗುತ್ತಿಗೆ ಯಾವಾಗ ಮುಗಿಯುತ್ತೆ ಅಂತಲೂ ಕೇಳಿ. ಹೊಸ ಗುತ್ತಿಗೆಗೆ ಎರಡು ತಿಂಗಳಿದ್ದರೆ "ತಟ್ಟೆ ಎಷ್ಟಿರಬೇಕು ಅಂತ ಹೊಸ ಪತ್ರದಲ್ಲಿ ಸೇರಿಸಿ" ಅಂತ ಕೇಳುವುದೇ ಸಾಕಾಗಬಹುದು.

ಇನ್ನೆರಡು ವಿಷಯ ಕಣ್ಣಿಗೆ ಬೀಳುತ್ತವೆ. ಒಂದು, ಬೋಂಡ, ವಡೆಯನ್ನ ನ್ಯೂಸ್‌ಪೇಪರ್ ತುಂಡಿನ ಮೇಲೆ ಕೊಡುವುದು. ಪ್ರಿಂಟಿಂಗ್ ಇಂಕು ಎಣ್ಣೆಗೆ ಅಂಟಿ ಹೊಟ್ಟೆಗೆ ಹೋಗುತ್ತೆ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನ ಮಾಡಬೇಡಿ ಅಂದಿದೆ. ಮುತ್ತುಗದ ಎಲೆ ಅಥವಾ ಬರೀ ಬಿಳಿ ಪೇಪರ್ ಇಟ್ಟರೆ ಮುಗಿಯಿತು, ಇದಕ್ಕೆ ಚುನಾವಣೆವರೆಗೂ ಕಾಯಬೇಕಾಗಿಲ್ಲ. ಇನ್ನೊಂದು, ಗೋಡೆ ಮೇಲೆ ಅದೇ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಸರ್ಟಿಫಿಕೇಟ್ ಕಾಣಬೇಕು. ಕಾಲೇಜು ಕ್ಯಾಂಟೀನಿಗೂ ಅದು ಬೇಕು. ಇಲ್ಲದಿದ್ದರೆ ಸ್ಟೇಜ್ ಮೇಲೆ ಕೂಗಬೇಡಿ, ಮೊದಲು ಕ್ಯಾಂಟೀನ್ ಅಣ್ಣನಿಗೇ ಹೇಳಿ. ಎಷ್ಟೋ ಸಲ ಸರ್ಟಿಫಿಕೇಟ್ ಮನೆಯಲ್ಲಿ ಫೈಲಿನಲ್ಲಿರುತ್ತೆ, ತಂದು ನೇತುಹಾಕುತ್ತಾರೆ.

ಒಂದು ಮಾತು ಖಂಡಿತ ಬೇಡ: ರೇಟ್ ಇಳಿಸ್ತೀನಿ ಅನ್ನಬೇಡಿ. ಕ್ಲೀನ್ ಆಗಬೇಕು, ರೇಟೂ ಇಳಿಯಬೇಕು ಅಂದರೆ ಎರಡೂ ಆಗುವುದಿಲ್ಲ, ಕೇಳುವವರಿಗೂ ಅದು ಗೊತ್ತು.

## ಬರೆಯುವಾಗ

ಕನ್ನಡದಲ್ಲಿ ನಿಧಾನವಾಗಿ, ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಮಾತಾಡಿದರೆ ನಿಮಿಷಕ್ಕೆ ಸುಮಾರು 90 ಪದ ಆಗುತ್ತೆ. ಮೂರು ನಿಮಿಷಕ್ಕೆ 250 ಪದಕ್ಕಿಂತ ಜಾಸ್ತಿ ಬರೆಯಬೇಡಿ. ಚಪ್ಪಾಳೆಗೆ, ಗಲಾಟೆಗೆ ಸ್ವಲ್ಪ ಹೊತ್ತು ಹೋಗಿಯೇ ಹೋಗುತ್ತೆ.

ಕ್ಯಾಂಟೀನ್ ಮೊದಲು ಬರಲಿ, ಲೈಬ್ರರಿ ಆಮೇಲೆ. ಕ್ಯಾಂಟೀನಿಗೆ ಎಲ್ಲರೂ ಹೋಗುತ್ತಾರೆ, ಲೈಬ್ರರಿಗೆ ಕೆಲವರು. ಎಲ್ಲರ ಕಿವಿ ಸಿಕ್ಕ ಮೇಲೆ ಲೈಬ್ರರಿ ವಿಷಯ ಹೇಳಿದರೆ ಯಾವತ್ತೂ ಲೈಬ್ರರಿಗೆ ಹೋಗದವರೂ ಕೇಳುತ್ತಾರೆ. "ಗೌರವಾನ್ವಿತ ಪ್ರಾಂಶುಪಾಲರೇ, ವೇದಿಕೆ ಮೇಲೆ ಆಸೀನರಾಗಿರುವ" ಅಂತ ಶುರು ಮಾಡಿದರೆ ಮೊದಲ ಅರ್ಧ ನಿಮಿಷ ಅಲ್ಲಿಗೇ ಹೋಯಿತು. ಒಂದು ನಮಸ್ಕಾರ ಸಾಕು.

ನಮ್ಮ ಅಭ್ಯರ್ಥಿಯ ಭಾಷಣ ಹೀಗಿದೆ:

"ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಎರಡನೇ ವರ್ಷ, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದೀನಿ. ಎರಡೇ ವಿಷಯ ಹೇಳ್ತೀನಿ.

ನಮ್ಮ ಕ್ಯಾಂಟೀನಿನಲ್ಲಿ ಎಷ್ಟು ತಟ್ಟೆ ಇದೆ ಗೊತ್ತಾ? ಎಪ್ಪತ್ತು. ಬ್ರೇಕಿನಲ್ಲಿ ತಿನ್ನೋರು ನೂರ ಎಂಬತ್ತು ಜನ. ಇಪ್ಪತ್ತು ನಿಮಿಷದಲ್ಲಿ ಒಂದು ತಟ್ಟೆ ಇಬ್ಬರು ಮೂವರ ಕೈ ದಾಟುತ್ತೆ. ತೊಳೆಯುವ ಅಕ್ಕನಿಗೆ ಸಿಗೋದು ಒಂದೆರಡು ನಿಮಿಷ. ತಟ್ಟೆ ಜಿಡ್ಡು ಅಂತ ನಾವು ಅವರನ್ನ ಬೈತೀವಿ. ತಪ್ಪು ಅವರದ್ದಲ್ಲ, ತಟ್ಟೆ ಸಾಲದು.

ನೂರ ಇಪ್ಪತ್ತು ತಟ್ಟೆ, ಒಂದು ಸ್ಟ್ಯಾಂಡು. ಮಂಡಿಪೇಟೆಯಲ್ಲಿ ರೇಟ್ ಕೇಳಿ ಬರೆಸಿಕೊಂಡು ಬಂದಿದ್ದೀನಿ, ಚೀಟಿ ಇಲ್ಲಿದೆ. ಕ್ಯಾಂಟೀನ್ ಅಣ್ಣನ ಹತ್ತಿರ ಮಾತಾಡಿದ್ದೀನಿ. ಅರ್ಧ ಅವರು ಹಾಕ್ತೀನಿ ಅಂದಿದ್ದಾರೆ. ಉಳಿದರ್ಧ ಕಾಲೇಜಿನಿಂದ ಕೇಳ್ತೀನಿ. ತೊಳೆಯೋದು ಟಬ್ಬಿನಲ್ಲಿ ಅಲ್ಲ, ನಲ್ಲಿ ನೀರಿನಲ್ಲಿ. ರೇಟ್ ಇಳಿಸ್ತೀನಿ ಅಂತ ನಾನು ಹೇಳಲ್ಲ, ಅದು ನನ್ನ ಕೈಯಲ್ಲಿಲ್ಲ. ಕ್ಲೀನ್ ತಟ್ಟೆ ಕೊಡಿಸೋದಕ್ಕೆ ನಾನು ಓಡಾಡ್ತೀನಿ.

ಎರಡನೇದು ಲೈಬ್ರರಿ. ಕ್ಲಾಸು ಮುಗಿಯೋದು ಮೂರು ಮುಕ್ಕಾಲಿಗೆ, ಲೈಬ್ರರಿ ಮುಚ್ಚೋದು ನಾಲ್ಕೂವರೆಗೆ. ಬೆಳಿಗ್ಗೆ ಎಂಟೂವರೆಗೆ ಮೆಟ್ಟಿಲ ಮೇಲೆ ಇಪ್ಪತ್ತೈದು ಜನ ಕೂತಿರ್ತೀರಿ, ಮಧುಗಿರಿ ಬಸ್ಸಿನವರು, ಕೊರಟಗೆರೆ ಬಸ್ಸಿನವರು. ಬಾಗಿಲು ಮಾತ್ರ ಒಂಬತ್ತೂವರೆಗೆ ತೆಗೆಯುತ್ತೆ.

ನಾನು ಕೇಳೋದು ಇಷ್ಟು. ರೀಡಿಂಗ್ ಹಾಲ್ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ. ಪುಸ್ತಕ ಕೊಡೋ ಕೌಂಟರ್ ಈಗಿನ ಟೈಮಿಗೇ ಇರಲಿ. ಮೊದಲು ಒಂದು ತಿಂಗಳು, ಪರೀಕ್ಷೆಗೆ ಮುಂಚೆ. ದಿನಾ ಎಷ್ಟು ಜನ ಬಂದ್ರು ಅಂತ ಎಣಿಸಿ ಪ್ರಿನ್ಸಿಪಾಲ್ ಸರ್‌ಗೆ ಕೊಡ್ತೀನಿ. ನೀವು ಬಂದು ಕೂತರೆ ಮುಂದುವರಿಯುತ್ತೆ.

ಲೈಬ್ರೇರಿಯನ್ ಮೇಡಂ ಹತ್ತಿರ ಮಾತಾಡಿದ್ದೀನಿ. ಒಪ್ಪಿಗೆ ಕೊಡೋದು ಅವರಲ್ಲ, ಸಮಿತಿ. ಸಮಿತಿಗೆ ಕೊಡೋ ಪತ್ರ ಬರೆದು ಇಟ್ಟಿದ್ದೀನಿ. ಗೆದ್ದ ವಾರದಲ್ಲೇ ಕೊಡ್ತೀನಿ. ಏನು ಉತ್ತರ ಬಂತು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕ್ತೀನಿ, ಇಲ್ಲ ಅಂದರೂ ಹಾಕ್ತೀನಿ.

ನಿಮ್ಮ ವೋಟು ಕೊಡಿ. ನಮಸ್ಕಾರ."

ಇದರಲ್ಲಿ ಒಂದು ಗಮನಿಸಿ. "ಮಾಡಿಸ್ತೀನಿ" ಅನ್ನುವ ಪದ ಎಲ್ಲೂ ಇಲ್ಲ. "ಕೇಳ್ತೀನಿ", "ಓಡಾಡ್ತೀನಿ", "ಕೊಡ್ತೀನಿ", "ಹಾಕ್ತೀನಿ" ಇವೆ. ವಿದ್ಯಾರ್ಥಿ ಸಂಘದ ಅಧ್ಯಕ್ಷರಿಗೆ ಆದೇಶ ಹೊರಡಿಸುವ ಅಧಿಕಾರ ಇಲ್ಲ. ಕೇಳುವ, ಪತ್ರ ಕೊಡುವ, ಉತ್ತರ ಬರುವವರೆಗೆ ಬಿಡದೆ ಹೋಗುವ ಹಕ್ಕಿದೆ. ನಿಮ್ಮ ಕೈಯಲ್ಲಿರುವ ಕ್ರಿಯಾಪದಗಳನ್ನ ಮಾತ್ರ ಬಳಸಿದರೆ ಆರು ತಿಂಗಳ ಮೇಲೆ ಯಾರೂ ನಿಮ್ಮನ್ನ ಸುಳ್ಳ ಅನ್ನುವುದಿಲ್ಲ. ಕ್ಯಾಂಟೀನ್ ಅಣ್ಣ ಅರ್ಧ ಹಾಕ್ತೀನಿ ಅಂದಿಲ್ಲದಿದ್ದರೆ ಆ ವಾಕ್ಯ ತೆಗೆದುಬಿಡಿ. ಲೈಬ್ರೇರಿಯನ್ ಹೆಸರು ಹೇಳುವ ಮೊದಲೂ "ನಿಮ್ಮ ಹತ್ತಿರ ಮಾತಾಡಿದ್ದೀನಿ ಅಂತ ಸ್ಟೇಜ್ ಮೇಲೆ ಹೇಳಬಹುದಾ ಮೇಡಂ?" ಅಂತ ಕೇಳಿ. ಅವರು ಬೇಡ ಅಂದರೆ ಬೇಡ.

## ಹೇಳಿ ನೋಡುವುದು

ಬರೆದದ್ದನ್ನ ಮನಸ್ಸಿನಲ್ಲೇ ಓದಿಕೊಂಡರೆ ತಪ್ಪು ಗೊತ್ತಾಗುವುದಿಲ್ಲ. ಖಾಲಿ ಕ್ಲಾಸ್‌ರೂಮಿನಲ್ಲಿ ನಿಂತು ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ವಾಕ್ಯ ಉದ್ದ ಆಗಿದೆ, ಎರಡು ಮಾಡಿ. ಒಬ್ಬ ಗೆಳೆಯನನ್ನ ಕೊನೆ ಬೆಂಚಿನಲ್ಲಿ ಕೂರಿಸಿ, ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂದೆ? ಅವನಿಗೆ ಎಂಟೂವರೆ, ಆರು ಎರಡೂ ನೆನಪಿಲ್ಲದಿದ್ದರೆ ಅಂಕಿ ಜಾಸ್ತಿ ಆಗಿವೆ ಅಂತ ಅರ್ಥ. ಈ ಭಾಷಣದಲ್ಲಿ ಗಟ್ಟಿಯಾಗಿ ಹೇಳಬೇಕಾದ ಅಂಕಿ ನಾಲ್ಕೇ: ಎಪ್ಪತ್ತು, ನೂರ ಎಂಬತ್ತು, ಎಂಟೂವರೆ, ಆರು. ಪ್ರತಿಯೊಂದು ಆದ ಮೇಲೂ ಒಂದು ಉಸಿರು ನಿಲ್ಲಿಸಿ.

ಪೂರ್ತಿ ಬಾಯಿಪಾಠ ಮಾಡಬೇಡಿ. ಮಧ್ಯೆ ಯಾರಾದರೂ ಶಿಳ್ಳೆ ಹೊಡೆದರೆ ಎಲ್ಲಿದ್ದೀನಿ ಅಂತ ಮರೆತುಹೋಗುತ್ತೆ. ಅಂಗೈಯಷ್ಟು ಕಾರ್ಡಿನ ಮೇಲೆ ಆ ನಾಲ್ಕು ಅಂಕಿ, "ಚೀಟಿ", "ಪತ್ರ", "ನೋಟಿಸ್ ಬೋರ್ಡ್" ಇಷ್ಟೇ ಬರೆದುಕೊಳ್ಳಿ.

## ಬರುವ ಪ್ರಶ್ನೆಗಳು

"ಹೋದ ವರ್ಷವೂ ಹೀಗೇ ಹೇಳಿದ್ರು, ಏನಾಯ್ತು?" ಇದು ಬಂದೇ ಬರುತ್ತೆ. ಹೋದ ವರ್ಷದವರನ್ನ ಬೈಯಬೇಡಿ. ಅವರು ಪತ್ರ ಕೊಟ್ಟಿದ್ದರಾ, ಉತ್ತರ ಏನು ಬಂದಿತ್ತು ಅಂತ ಮೊದಲೇ ಅವರನ್ನೇ ಕೇಳಿಕೊಂಡಿರಿ. "ಹೆಚ್ಚುವರಿ ಸಿಬ್ಬಂದಿ ಇಲ್ಲ ಅಂತ ಉತ್ತರ ಬಂದಿತ್ತು, ಅದಕ್ಕೇ ನಾನು ರೀಡಿಂಗ್ ಹಾಲ್ ಮಾತ್ರ ಕೇಳ್ತಿದ್ದೀನಿ" ಅಂದರೆ ನಿಮ್ಮ ಭಾಷಣ ಅವರ ಕೆಲಸದ ಮುಂದುವರಿಕೆ ಆಗುತ್ತೆ.

"ಸಂಜೆ ಹೊತ್ತು ಹುಡುಗಿಯರಿಗೆ ಸೇಫಾ?" ಇದು ಸರಿಯಾದ ಪ್ರಶ್ನೆ, ತಳ್ಳಿಹಾಕಬೇಡಿ. ರೀಡಿಂಗ್ ಹಾಲಿನಿಂದ ಗೇಟಿನವರೆಗೆ ದೀಪ ಎಲ್ಲೆಲ್ಲಿ ಕೆಟ್ಟಿದೆ ಅಂತ ಸಂಜೆ ಆರಕ್ಕೆ ಒಮ್ಮೆ ನಡೆದು ನೋಡಿ, ಅದನ್ನೂ ಪತ್ರದಲ್ಲಿ ಸೇರಿಸಿ. ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲಾಗೋಕೆ ಶುರುವಾಗಿರುತ್ತೆ. ವಾಚ್‌ಮನ್ ಇರುವ ಗೇಟಿನಿಂದಲೇ ಎಲ್ಲರೂ ಹೊರಗೆ ಹೋಗುವ ಹಾಗಿರಬೇಕು ಅಂತಲೂ ಬರೆಯಿರಿ.

"ತಟ್ಟೆ ತಂದರೂ ಕದ್ದುಕೊಂಡು ಹೋದರೆ?" ಹಾಸ್ಟೆಲಿರುವ ಕಾಲೇಜಿನಲ್ಲಿ ಇದು ನಿಜವಾದ ತೊಂದರೆ. ತಟ್ಟೆ ಕೊಳ್ಳುವಾಗಲೇ ಅಂಗಡಿಯಲ್ಲಿ ಕಾಲೇಜಿನ ಹೆಸರು ಕೆತ್ತಿಸಬಹುದು. ಮದುವೆಗೆ ಕೊಡುವ ಪಾತ್ರೆ ಮೇಲೆ ಹೆಸರು ಹಾಕಿಸುತ್ತೀವಲ್ಲ, ಅದೇ. ತಿಂಗಳಿಗೊಮ್ಮೆ ಎಣಿಸಿ ಸಂಖ್ಯೆ ಬೋರ್ಡಿನಲ್ಲಿ ಬರೆಯಬಹುದು.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ "ವಿಚಾರಿಸಿ ನಾಳೆ ನಿಮ್ಮ ಕ್ಲಾಸಿಗೆ ಬಂದು ಹೇಳ್ತೀನಿ" ಅನ್ನಿ, ಮರುದಿನ ನಿಜವಾಗಿ ಹೋಗಿ.

## ಆ ಪತ್ರ

ಪತ್ರ ಬರೆದು ಇಟ್ಟಿದ್ದೀನಿ ಅಂತ ಭಾಷಣದಲ್ಲಿ ಹೇಳಿದ್ದೀರಿ, ಹಾಗಾಗಿ ಭಾಷಣದ ದಿನ ಅದು ನಿಜವಾಗಿ ನಿಮ್ಮ ಬ್ಯಾಗಿನಲ್ಲಿರಬೇಕು. ಒಂದೇ ಪುಟ ಸಾಕು. ಪ್ರಾಂಶುಪಾಲರಿಗೆ ಬರೆಯಿರಿ, ಅವರ ಮೂಲಕ ಗ್ರಂಥಾಲಯ ಸಮಿತಿಗೆ. "ವಿಷಯ: ರೀಡಿಂಗ್ ಹಾಲ್ ವೇಳೆಯನ್ನು ಒಂದು ತಿಂಗಳು ಪ್ರಾಯೋಗಿಕವಾಗಿ ವಿಸ್ತರಿಸುವ ಬಗ್ಗೆ." ಕೆಳಗೆ ಐದು ದಿನದ ಎಣಿಕೆ, ಕೇಳುತ್ತಿರುವ ಟೈಮ್, ಅಟೆಂಡರ್ ಡ್ಯೂಟಿ ಹೇಗೆ ಹೊಂದಿಸಬಹುದು ಅನ್ನುವ ಸಲಹೆ, ದೀಪದ ವಿಷಯ. ಕ್ಯಾಂಟೀನಿಗೆ ಬೇರೆ ಪತ್ರ ಬರೆಯಿರಿ. ಎರಡನ್ನೂ ಒಂದರಲ್ಲೇ ಸೇರಿಸಿದರೆ ಅದು ಯಾವ ಫೈಲಿಗೆ ಹೋಗಬೇಕು ಅಂತ ಗೊತ್ತಾಗದೆ ಮೇಜಿನ ಮೇಲೆಯೇ ಉಳಿಯುತ್ತೆ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದನ್ನ ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನೋಟಿಸ್ ಬೋರ್ಡಿನಲ್ಲಿ ಮೊದಲು ಹಾಕಬೇಕಾದದ್ದು ಆ ಸೀಲಿರುವ ಪ್ರತಿಯ ಜೆರಾಕ್ಸ್.